ಗೆಳತಿ ಮಾಡಿದ್ದನ್ನು ಒಂದೊಂದಾಗಿ ಹೆಸರಿಸಿ ಬರೆದ ಪತ್ರ

ನಮ್ಮವರಿಗೆ ಪಾರ್ಶ್ವವಾಯು ಆಗಿ ವರ್ಷ ಕಳೆದು, ಅವರು ಕೋಲು ಹಿಡಿದು ತಾವೇ ಅಂಗಳದವರೆಗೆ ನಡೆದು ಬರುವಷ್ಟು ಸುಧಾರಿಸಿದ ಮೇಲೆ, ನನ್ನ ಗೆಳತಿಗೆ ಸರಿಯಾಗಿ ಕೃತಜ್ಞತೆ ಹೇಳಬೇಕೆಂದು ನಿಶ್ಚಯಿಸಿದೆ. ಅದುವರೆಗೆ ಹೇಳಿರಲಿಲ್ಲವೆಂದಲ್ಲ. ಭೇಟಿಯಾದಾಗಲೆಲ್ಲ "ನಿನ್ನ ಉಪಕಾರ ಈ ಜನ್ಮದಾಗ ತೀರೂದಿಲ್ಲ" ಎಂದು ಹೇಳುತ್ತಲೇ ಇದ್ದೆ, ಅವಳೂ ಪ್ರತಿ ಸಲ "ಹೋಗ ಬಿಡ, ನಾ ಏನ ಮಾಡೀನಿ" ಎಂದು ಮಾತು ಹೊರಳಿಸುತ್ತಿದ್ದಳು. ಕರ್ನಾಟಕ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಓದಿದ ನಮ್ಮಿಬ್ಬರ ನಡುವೆ ಈ ಮಾತು ಒಂದು ರೂಢಿಯಾಗಿಬಿಟ್ಟಿತ್ತು. ಒಂದು ದಿನ ಅವಳ ಉತ್ತರ ನನ್ನ ಮನಸ್ಸಿನಲ್ಲಿಯೇ ಉಳಿಯಿತು. ಅವಳು "ನಾ ಏನ ಮಾಡೀನಿ" ಎಂದು ಕೇಳುತ್ತಿದ್ದಳು, ನಾನು ಅದಕ್ಕೆ ಒಮ್ಮೆಯೂ ಉತ್ತರ ಕೊಟ್ಟಿರಲಿಲ್ಲ. ಜನ್ಮದಲ್ಲಿ ತೀರದ ಋಣದ ಮಾತು ಕೇಳುವವರ ಮೇಲೆ ಒಂದು ಭಾರ ಹೊರಿಸುತ್ತದೆಯೇ ಹೊರತು, ಅವರು ಯಾವ ಹೊತ್ತಿನಲ್ಲಿ ಏನು ಮಾಡಿದರು, ಅದರಿಂದ ಏನಾಯಿತು ಎಂಬುದನ್ನು ತಿಳಿಸುವುದಿಲ್ಲ. ಅವಳ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಕೊಡಬೇಕೆಂದು ನನಗೆ ಅನಿಸಿದ್ದು ಆಗ.

ಮನೆಯವರು ಬೇರೆ ದಾರಿ ಸೂಚಿಸಿದರು. ಇಳಕಲ್ ಸೀರೆ ಕೊಟ್ಟು ಉಡಿ ತುಂಬಿದರೆ ಸಾಕು, ಪತ್ರವೇಕೆ ಎಂದು ನಮ್ಮ ನಾದಿನಿ ಕೇಳಿದರು. ಉಡಿ ತುಂಬುವುದನ್ನು ನಾನು ಕಡಿಮೆಯೆಂದು ಭಾವಿಸುವವಳಲ್ಲ, ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಕುಪ್ಪಸದ ಕಣ ಇಟ್ಟು ಒಬ್ಬ ಹೆಣ್ಣುಮಗಳನ್ನು ಮನೆಯಿಂದ ಕಳಿಸುವುದರಲ್ಲಿ ದೊಡ್ಡ ಗೌರವವಿದೆ. ಆದರೆ ಉಡಿಯನ್ನು ಮನೆಗೆ ಬಂದ ಎಲ್ಲರಿಗೂ ತುಂಬುತ್ತೇವೆ, ಸೀರೆಗೆ ಮುಂದಿನ ಹಬ್ಬದಲ್ಲಿ ಇನ್ನೊಂದು ಸೀರೆ ಮರಳಿ ಬರುತ್ತದೆ. ಅವಳು ಮಾಡಿದ್ದು ಅವಳೊಬ್ಬಳೇ ಮಾಡಿದ್ದಾದ್ದರಿಂದ, ಅವಳೊಬ್ಬಳಿಗೇ ಸಲ್ಲುವ ಮಾತು ಬೇಕಾಗಿತ್ತು.

ಬರೆಯಲು ಕುಳಿತಾಗ ಮೊದಲು ತಿಳಿದದ್ದು, ಕಷ್ಟದ ಕಾಲದ ನೆನಪು ಎಷ್ಟು ಕಲಸಿಹೋಗಿರುತ್ತದೆ ಎಂಬುದು. ಯಾರು ಬಂದರು, ಯಾವಾಗ ಬಂದರು, ಯಾವುದು ಮೊದಲು, ಯಾವುದು ಆಮೇಲೆ ಎಂಬುದೆಲ್ಲ ಒಂದರೊಳಗೊಂದು ಸೇರಿಕೊಂಡಿತ್ತು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ವೋಚರು ಇಲ್ಲದೆ ಲೆಕ್ಕ ಬರೆಯುವ ಅಭ್ಯಾಸ ನನಗಿಲ್ಲ. ಆದ್ದರಿಂದ ಕೈಗೆ ಸಿಕ್ಕ ದಾಖಲೆಗಳನ್ನೆಲ್ಲ ಮೇಜಿನ ಮೇಲೆ ಹರವಿಕೊಂಡೆ: ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಕೊಟ್ಟ ಕಡತ, ಮಗಳು ನನ್ನ ಹಳೆಯ ಮೊಬೈಲಿನಿಂದ ಹುಡುಕಿ ತೆಗೆದ ವಾಟ್ಸಾಪ್ ಸಂದೇಶಗಳು, ಮನೆಗೆ ಕರೆತಂದ ಮೇಲೆ ಹಾಸಿಗೆಯ ಬಳಿ ಇಟ್ಟಿದ್ದ ನೂರು ಹಾಳೆಯ ನೋಟುಬುಕ್ಕು. ಇವುಗಳಲ್ಲಿ ಇಲ್ಲದ್ದನ್ನು ಮಗಳಿಂದ, ಭಾವನವರಿಂದ, ಮನೆಗೆಲಸಕ್ಕೆ ಬರುವ ಅಕ್ಕನಿಂದ ಕೇಳಿ ತಿಳಿದುಕೊಂಡೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮಾತಿಗೆ ಅಥವಾ ಒಂದು ಕಾಗದಕ್ಕೆ ತಾಳೆ ನೋಡಿದ ಮೇಲೆಯೇ ಅದನ್ನು ಪತ್ರಕ್ಕೆ ಸೇರಿಸಬೇಕೆಂದು ನಿಯಮ ಮಾಡಿಕೊಂಡೆ. ತಾಳೆಯಾಗದ್ದನ್ನು ಪ್ರಶ್ನೆಯಾಗಿಯೇ ಬರೆಯುವುದು ಒಳ್ಳೆಯದೆಂದು ತೋರಿತು.

ಮೊದಲನೆಯ ಸಂಗತಿ, ಆ ಬೆಳಗಿನ ಫೋನು. ಧಾರವಾಡದ ನಮ್ಮ ಮನೆಯಲ್ಲಿ ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ಬಚ್ಚಲುಮನೆಯ ಬಾಗಿಲ ಬಳಿ ನಮ್ಮವರು ಕುಸಿದು ಕುಳಿತಿದ್ದನ್ನು ನಾನು ಕಂಡೆ. ಬಾಯಿ ಎಡಕ್ಕೆ ವಾಲಿತ್ತು, ಬಲಗೈ ಎತ್ತಲು ಬರುತ್ತಿರಲಿಲ್ಲ, ಬಾಯಿಂದ ಬರುತ್ತಿದ್ದುದು ಮಾತಾಗಿರಲಿಲ್ಲ. ಮಗಳು 108ಕ್ಕೆ ಕರೆ ಮಾಡುತ್ತಿದ್ದಾಗ ನಾನು ಹುಬ್ಬಳ್ಳಿಯ ಗೆಳತಿಗೆ ಫೋನು ಮಾಡಿದೆ. ಅವಳ ಮೊದಲ ಪ್ರಶ್ನೆ ಇಂದಿಗೂ ಕಿವಿಯಲ್ಲಿದೆ.

"ಅಣ್ಣಾರು ಕಡೇಕ ಛಲೋ ಮಾತಾಡಿದ್ದು ಎಷ್ಟ ಗಂಟೆಕ್ಕ?"

"ಈಗ ನೋಡಿದೆ, ಆರೂ ನಲವತ್ತಕ್ಕ" ಎಂದೆ.

"ನೀ ನೋಡಿದ್ದು ಯಾವಾಗ ಅಂತ ಕೇಳಿಲ್ಲ. ಅವರು ಸರಿ ಇದ್ದದ್ದನ್ನ ಕಡೇಕ ನೋಡಿದ್ದು ಯಾವಾಗ, ಅದನ್ನ ನೆನಪ ಮಾಡಿ ಹೇಳ."

ನೆನಪು ಮಾಡಿಕೊಂಡೆ. 6 ಗಂಟೆ 10 ನಿಮಿಷಕ್ಕೆ, ರೇಡಿಯೋ ಹಚ್ಚುತ್ತ, ಪೇಪರು ಬಂದಿದೆಯೇ ಎಂದು ನನ್ನನ್ನು ಕೇಳಿದ್ದರು. ಅದನ್ನು ಒಂದು ಹಾಳೆಯಲ್ಲಿ ಬರೆದು ಕೈಯಲ್ಲಿ ಹಿಡಿದುಕೊಂಡು ಹೋಗು, ಬಾಯಿಗೆ ನೀರು ಸಹ ಹಾಕಬೇಡ ಎಂದು ಅವಳು ಹೇಳಿದಳು. ಅದೇ ಗಳಿಗೆಯಲ್ಲಿ ಭಾವನವರು ಲೋಟದಲ್ಲಿ ನೀರು ತಂದು ತಮ್ಮನ ತುಟಿಗೆ ಹಿಡಿಯುತ್ತಿದ್ದರು, ನಾನು ಫೋನನ್ನು ಅವರ ಕಿವಿಗೆ ಕೊಟ್ಟೆ, ಅವರು ಲೋಟ ಕೆಳಗಿಟ್ಟರು. ಆಂಬುಲೆನ್ಸ್ ನಮ್ಮ ಓಣಿಗೆ ಬರುವುದರೊಳಗೆ ಅವಳು ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಫೋನು ಮಾಡಿ, ಆ ಹೊತ್ತಿನಲ್ಲಿ ಸಿಟಿ ಸ್ಕ್ಯಾನ್ ಮಾಡುವವರು ಇದ್ದಾರೆಂದೂ ಪಾರ್ಶ್ವವಾಯುವಿಗೆ ಚುಚ್ಚುಮದ್ದು ಕೊಡುವ ವೈದ್ಯರು ಸಿಗುತ್ತಾರೆಂದೂ ಖಚಿತಪಡಿಸಿಕೊಂಡು, ಬೇರೆಲ್ಲಿಯೂ ಇಳಿಸಬೇಡಿ, ನೇರವಾಗಿ ಅಲ್ಲಿಗೇ ಬನ್ನಿ ಎಂದು ಮಗಳಿಗೆ ತಿಳಿಸಿದ್ದಳು.

ಈ ಪ್ರಶ್ನೆ ಎಷ್ಟು ದೊಡ್ಡದಾಗಿತ್ತೆಂದು ನನಗೆ ತಿಳಿದದ್ದು ಬಹಳ ದಿನಗಳ ನಂತರ, ಮರುಪರೀಕ್ಷೆಗೆ ಹೋದಾಗ ವೈದ್ಯರು ಬಿಡಿಸಿ ಹೇಳಿದ ಮೇಲೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಪಾರ್ಶ್ವವಾಯು ಆದಾಗ ಆ ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಫಲ ಹೆಚ್ಚು. ರಕ್ತನಾಳ ಒಡೆದು ರಕ್ತಸ್ರಾವವಾಗಿದ್ದರೆ ಅದೇ ಮದ್ದು ಪ್ರಾಣಾಪಾಯ ತರುತ್ತದೆ, ಆದ್ದರಿಂದ ಮೊದಲು ಸ್ಕ್ಯಾನ್ ಆಗಲೇಬೇಕು. ಈ ನಾಲ್ಕೂವರೆ ಗಂಟೆಯನ್ನು ಎಣಿಸುವುದು ಮನೆಯವರು ರೋಗಿಯನ್ನು ಕಂಡ ಹೊತ್ತಿನಿಂದಲ್ಲ, ರೋಗಿ ಕೊನೆಯದಾಗಿ ಸರಿಯಿದ್ದುದನ್ನು ಯಾರಾದರೂ ನೋಡಿದ ಹೊತ್ತಿನಿಂದ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹೊತ್ತು ಕೇಳಿದಾಗ ಭಾವನವರು ಗಾಬರಿಯಲ್ಲಿ "ರಾತ್ರಿ ಮಲಗೂ ಮುಂದ ಛಲೋ ಇದ್ದ್ರು" ಎಂದು ಹೇಳಿದ್ದರು. ಆ ಮಾತೇ ಕಡತಕ್ಕೆ ಹೋಗಿದ್ದರೆ ಲೆಕ್ಕ ಹಿಂದಿನ ರಾತ್ರಿಯಿಂದ ಆರಂಭವಾಗಿ, ಕಾಲ ಮೀರಿದೆಯೆಂದು ವೈದ್ಯರು ಆ ಮದ್ದನ್ನು ಕೊಡದೆ ಇರುವ ಸಾಧ್ಯತೆ ಇತ್ತು. ನನ್ನ ಕೈಯಲ್ಲಿದ್ದ ಹಾಳೆಯನ್ನು ನೋಡಿ ಅವರು ನನ್ನನ್ನು ಮತ್ತೆ ವಿಚಾರಿಸಿದರು, ಪೇಪರಿನ ಮಾತು ಹೇಳಿದೆ. ಕಡತದಲ್ಲಿ 6.10 ಎಂದು ದಾಖಲಾಗಿದೆ. ಸ್ಕ್ಯಾನ್ ಮುಗಿದು ಮದ್ದು ಆರಂಭಿಸಿದ ಹೊತ್ತು 8.35 ಎಂದಿದೆ.

ಇಲ್ಲಿ ನನ್ನ ಲೇಖನಿ ಬಹಳ ಹೊತ್ತು ನಿಂತಿತು. "ನೀನು ನಮ್ಮವರ ಜೀವ ಉಳಿಸಿದೆ" ಎಂದು ಬರೆಯುವುದು ಸುಲಭವಾಗಿತ್ತು, ನಮ್ಮ ಬಂಧುಗಳೆಲ್ಲ ಹಾಗೆಯೇ ಹೇಳುತ್ತಾರೆ. ಆದರೆ ಆ ವಾಕ್ಯವನ್ನು ಓದಿದರೆ ಅವಳು "ಡಾಕ್ಟರ ಉಳಿಸ್ಯಾರ, ನಾ ಅಲ್ಲ" ಎನ್ನುತ್ತಿದ್ದಳು, ಅವಳ ಮಾತೇ ಸರಿಯಾಗಿರುತ್ತಿತ್ತು. ಆ ಮದ್ದು ಎಲ್ಲರಿಗೂ ಒಂದೇ ಬಗೆಯಲ್ಲಿ ಫಲ ಕೊಡುವುದಿಲ್ಲ, ನಮ್ಮವರ ಬಲಗೈ ಇಂದಿಗೂ ಪೂರ್ತಿ ಬಂದಿಲ್ಲ. ಅವಳಿಲ್ಲದಿದ್ದರೆ ಏನಾಗುತ್ತಿತ್ತೆಂದು ಯಾರೂ ಆಣೆ ಮಾಡಿ ಹೇಳಲಾರರು. ಉಪಕಾರವನ್ನು ಅದಕ್ಕಿಂತ ದೊಡ್ಡದು ಮಾಡಿ ಹೇಳಿದರೆ, ಮಾಡಿದವರು ಅದನ್ನು ತಮ್ಮದೆಂದು ಒಪ್ಪಿಕೊಳ್ಳಲಾಗದೆ ದೂರ ಸರಿಸುತ್ತಾರೆ ಎಂಬುದನ್ನು ನಾನು ಈ ವರ್ಷವಿಡೀ ಕಂಡಿದ್ದೆ. ಆದ್ದರಿಂದ ಅವಳ ಕೈಯಿಂದ ಆದದ್ದು ಎಲ್ಲಿಗೆ ಮುಗಿಯುತ್ತದೆಯೋ ಅಲ್ಲಿಗೇ ನಿಲ್ಲಿಸಿ ಹೀಗೆ ಬರೆದೆ:

"ಅಂದು ಬೆಳಿಗ್ಗೆ ನೀನು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದೆ. ಮೊದಲ ಸಲ ನಾನು ತಪ್ಪು ಹೊತ್ತು ಹೇಳಿದಾಗ ನೀನು ಅಷ್ಟಕ್ಕೇ ಬಿಡಲಿಲ್ಲ. ಎರಡನೆಯ ಸಲ ಕೇಳಿದ್ದರಿಂದ ಸರಿಯಾದ ಹೊತ್ತು ಒಂದು ಹಾಳೆಯ ಮೇಲೆ ಬಂದಿತು, ಆ ಹಾಳೆಯಿಂದ ವೈದ್ಯರ ಕಡತಕ್ಕೆ ಹೋಯಿತು. ಮದ್ದು ಕೊಟ್ಟವರು ವೈದ್ಯರು. ಕೊಡಬಹುದೋ ಬಾರದೋ ಎಂದು ಅವರು ನಿರ್ಧರಿಸಲು ಬೇಕಾಗಿದ್ದ ಸಂಗತಿಯನ್ನು ಅವರ ಕೈಗೆ ಮುಟ್ಟಿಸಿದವಳು ನೀನು."

ಎರಡನೆಯ ಸಂಗತಿಯನ್ನು ನಾನು ಮೊದಲು ಪಟ್ಟಿಯಲ್ಲಿ ಸೇರಿಸಿಯೇ ಇರಲಿಲ್ಲ, ಏಕೆಂದರೆ ಅದರ ಪೂರ್ಣ ವಿವರ ನನಗೆ ತಿಳಿದಿರಲಿಲ್ಲ. ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಗದಗ, ಹಾವೇರಿ, ಬೆಳಗಾವಿಯ ಬಂಧುಗಳ ಫೋನುಗಳು ನನಗೆ ಬರುವುದು ಒಮ್ಮೆಲೇ ನಿಂತಿತ್ತು. ನನ್ನ ಫೋನು ಅವಳ ಕೈಯಲ್ಲಿತ್ತೆಂದು ಮಾತ್ರ ಗೊತ್ತಿತ್ತು. ಹಳೆಯ ಸಂದೇಶಗಳನ್ನು ಓದಿದಾಗ ತಿಳಿಯಿತು, ಅವಳು ದಿನಕ್ಕೊಮ್ಮೆ ಸಂಜೆ ವೈದ್ಯರು ನೋಡಿ ಹೋದ ಮೇಲೆ ನಾಲ್ಕು ಸಾಲು ಬರೆದು ಎಲ್ಲರಿಗೂ ಅದನ್ನೇ ಕಳಿಸುತ್ತಿದ್ದಳು. ವೈದ್ಯರು ಹೇಳಿದ್ದನ್ನು ಬಿಟ್ಟು ತನ್ನ ಊಹೆಯ ಒಂದು ಅಕ್ಷರವೂ ಅದರಲ್ಲಿಲ್ಲ. ಕೊನೆಯ ಸಾಲು ಯಾವಾಗಲೂ ಒಂದೇ: ಈಗ ಭೇಟಿಗೆ ಬರಬೇಡಿರಿ, ಬರಬಹುದಾದಾಗ ನಾನೇ ತಿಳಿಸುತ್ತೇನೆ.

ಹೀಗೆ ಹೇಳಿದ್ದಕ್ಕೆ ಅವಳು ತೆತ್ತ ಬೆಲೆಯನ್ನು ನನಗೆ ಹೇಳಿದವಳು ಮಗಳು. ಹಾವೇರಿಯಿಂದ ಬಾಡಿಗೆ ಗಾಡಿ ಮಾಡಿಕೊಂಡು ಬಂದಿದ್ದ ನಮ್ಮ ಕಡೆಯ ಹಿರಿಯರೊಬ್ಬರು ವಾರ್ಡಿನ ಬಾಗಿಲಲ್ಲಿಯೇ "ಹೊರಗಿನಾಕಿ ನಿಂತು ನಮ್ಮನ್ನ ಒಳಗ ಬಿಡಲಿಲ್ಲ" ಎಂದು ಎಲ್ಲರ ಎದುರಿಗೆ ಆಡಿದರಂತೆ, ಅವಳು ಅವರಿಗೆ ಚಹ ತರಿಸಿ, ಹೊರಗಿನ ಬೆಂಚಿನ ಮೇಲೆ ಕೂರಿಸಿ, ಮತ್ತೂ ಒಳಗೆ ಬಿಡಲಿಲ್ಲವಂತೆ. ಆ ಮಾತು ಅವಳು ನನಗೆ ಮುಟ್ಟಿಸಲಿಲ್ಲ. ನನ್ನ ಮೇಲೆ ಬೀಳಬೇಕಾಗಿದ್ದ ಬಂಧುಗಳ ಮುನಿಸನ್ನು ಅವಳು ತನ್ನ ಮೇಲೆ ತೆಗೆದುಕೊಂಡಳು. ಉಪಕಾರದ ಲೆಕ್ಕ ಹಾಕುವಾಗ ನಾವು ನಮಗೆ ಬಂದದ್ದನ್ನು ಎಣಿಸುತ್ತೇವೆ, ಮಾಡಿದವರಿಗೆ ಹೋದದ್ದನ್ನು ಎಣಿಸುವುದಿಲ್ಲ. ಅವಳಿಗೆ ಹೋದದ್ದು ನಮ್ಮ ಬಂಧುಗಳಲ್ಲಿ ಅವಳಿಗಿದ್ದ ಒಳ್ಳೆಯ ಹೆಸರು. ಪತ್ರದಲ್ಲಿ ಆ ಹಿರಿಯರ ಹೆಸರು ಬರೆಯಲಿಲ್ಲ. ಆ ಮಾತು ನನಗೆ ತಿಳಿದಿದೆ ಎಂದು ಮಾತ್ರ ಬರೆದೆ, ಅಷ್ಟು ದಿನ ನಾನು ವಾರ್ಡಿನಲ್ಲಿ ನಮ್ಮವರ ಕಡೆಗೆ ಮಾತ್ರ ನೋಡುತ್ತ ಇರಲು ಸಾಧ್ಯವಾದದ್ದು ಅದರಿಂದಲೇ ಎಂದು ಸೇರಿಸಿದೆ.

ಈ ಹಂತದಲ್ಲಿ ಮಗಳು ನನಗೊಂದು ಉಪಯುಕ್ತ ಮಾತು ಹೇಳಿದಳು. ಅವಳು ಮನಶ್ಶಾಸ್ತ್ರ ಓದಿದವಳು. ಸಾರಾ ಆಲ್ಗೋ ಮತ್ತು ಅವರ ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜೋಡಿಗಳು ಒಬ್ಬರಿಗೊಬ್ಬರು ಕೃತಜ್ಞತೆ ಹೇಳುವ ಮಾತುಗಳನ್ನು ಎರಡು ಬಗೆಯಾಗಿ ನೋಡಿದ್ದಾರೆ: ನನಗೆ ಎಷ್ಟು ಅನುಕೂಲವಾಯಿತು ಎಂದು ಹೇಳುವುದು ಒಂದು, ಮಾಡಿದವರ ಗುಣ ಮತ್ತು ನಡತೆಯನ್ನು ಎತ್ತಿ ಹೇಳುವುದು ಇನ್ನೊಂದು. ಕೇಳುವವರ ಮನಸ್ಸಿಗೆ ಹತ್ತಿರವಾದದ್ದು ಎರಡನೆಯದು. ಅದನ್ನು ಕೇಳಿದ ಮೇಲೆ ನಾನು ಬರೆದಿದ್ದ ಕರಡನ್ನು ಮುಂದಿಟ್ಟುಕೊಂಡು, ಯಾವ ವಾಕ್ಯದಲ್ಲಿ "ನನಗೆ" ಎಂದಿದೆ, ಯಾವುದರಲ್ಲಿ "ನೀನು" ಎಂದಿದೆ ಎಂದು ಪೆನ್ಸಿಲಿನಿಂದ ಗೆರೆ ಎಳೆದು ನೋಡಿದೆ. "ನನಗೆ ಧೈರ್ಯ ಬಂತು" ಎಂಬಲ್ಲಿ "ನೀನು ಎರಡನೆಯ ಸಲ ಕೇಳಿದೆ" ಎಂದಾಯಿತು, "ನನಗೆ ನೆಮ್ಮದಿಯಾಯಿತು" ಎಂಬಲ್ಲಿ "ನೀನು ಊಹೆಯ ಒಂದು ಮಾತನ್ನೂ ಸೇರಿಸಲಿಲ್ಲ" ಎಂದಾಯಿತು. ನನ್ನ ಭಾವನೆಗಳನ್ನು ಪೂರ್ತಿ ತೆಗೆಯಲಿಲ್ಲ, ಆದರೆ ಅವು ಅವಳ ಕೆಲಸದ ಹಿಂದೆ ಬರುವಂತೆ ಮಾಡಿದೆ.

ಮೂರನೆಯದನ್ನು ಬರೆಯಲು ನೋಟುಬುಕ್ಕು ಬೇಕಾಯಿತು. ಮನೆಗೆ ಕರೆತಂದಾಗ ನಮ್ಮವರು ತಾವಾಗಿ ಮಗ್ಗುಲು ಬದಲಿಸುವ ಸ್ಥಿತಿಯಲ್ಲಿರಲಿಲ್ಲ. ಒಂದೇ ಕಡೆ ಬಹಳ ಹೊತ್ತು ಮಲಗಿದರೆ ಎಲುಬು ಒತ್ತುವ ಜಾಗದಲ್ಲಿ ರಕ್ತ ಹರಿಯದೆ ಚರ್ಮ ಸತ್ತು ಹುಣ್ಣಾಗುತ್ತದೆ, ಆದ್ದರಿಂದ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಆಸ್ಪತ್ರೆಯ ನರ್ಸ್ ಹೇಳಿ ಕಳಿಸಿದ್ದರು. ಹಗಲು ಹೇಗೋ ನಡೆಯುತ್ತಿತ್ತು, ರಾತ್ರಿಯೇ ಕಷ್ಟ. ಗೆಳತಿ ವಾರದಲ್ಲಿ ಎರಡು ರಾತ್ರಿ, ಮಂಗಳವಾರ ಮತ್ತು ಶುಕ್ರವಾರ, ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬಂದು ನನ್ನನ್ನು ಒಳಗಿನ ಕೋಣೆಗೆ ಮಲಗಲು ಕಳಿಸಿ, ತಾನು ಹಾಸಿಗೆಯ ಬಳಿ ಕುಳಿತುಕೊಳ್ಳುತ್ತಿದ್ದಳು. ನೋಟುಬುಕ್ಕಿನಲ್ಲಿ ಗೆರೆ ಹಾಕಿ ನಾಲ್ಕು ಅಂಕಣ ಮಾಡಿದವಳೂ ಅವಳೇ: ಹೊತ್ತು, ಯಾವ ಮಗ್ಗುಲು, ಚರ್ಮ ಹೇಗಿದೆ, ಯಾರು ನೋಡಿದರು. ಅದಕ್ಕಿಂತ ಮೊದಲು ನಾವು ನಾಲಿಗೆಯ ಮೇಲಿನ ಮಾತಿನಿಂದಲೇ ಕೆಲಸ ನಡೆಸುತ್ತಿದ್ದೆವು, ಒಬ್ಬರು ಎಡಕ್ಕೆ ಮಲಗಿಸಿದ್ದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ.

ಆ ಪುಟಗಳನ್ನು ತಿರುವುತ್ತ ಹೋದಾಗ ಒಂದು ಶುಕ್ರವಾರದ ರಾತ್ರಿ 2 ಗಂಟೆಯ ಎದುರು ಅವಳ ಅಕ್ಷರದಲ್ಲಿ ಹೀಗಿತ್ತು: "ಬಾಲದೆಲುಬಿನ ಮೇಲೆ ಎಂಟಾಣೆಯಷ್ಟು ಕೆಂಪು. ಬೆರಳಿನಿಂದ ಒತ್ತಿ ಬಿಟ್ಟರೂ ಕೆಂಪು ಹೋಗಲಿಲ್ಲ. ಬೆನ್ನ ಮೇಲೆ ಮಲಗಿಸಬಾರದು." ಒತ್ತಿದಾಗ ಬೆಳ್ಳಗಾಗಿ, ಬಿಟ್ಟಾಗ ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆಯೆಂದು ಅರ್ಥ, ಒತ್ತಿದರೂ ಕೆಂಪು ಹಾಗೆಯೇ ಉಳಿದರೆ ಅದು ಹುಣ್ಣಿನ ಮೊದಲ ಹಂತ. ಚರ್ಮ ಒಡೆಯುವ ಮೊದಲೇ ಅದನ್ನು ಗುರುತಿಸಿದರೆ ಆ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಂಡು ಹಿಂದಕ್ಕೆ ತರಬಹುದು, ಒಡೆದ ಮೇಲೆ ತಿಂಗಳುಗಟ್ಟಲೆ ಬೇಕಾಗಬಹುದು. ರಾತ್ರಿ ಎರಡು ಗಂಟೆಗೆ, ಮಂದ ದೀಪದಲ್ಲಿ, ನಿದ್ದೆಗಣ್ಣಿನಲ್ಲಿ ಮಗ್ಗುಲು ತಿರುಗಿಸಿ ಸುಮ್ಮನಾಗಬಹುದಾಗಿತ್ತು, ಅವಳು ಟಾರ್ಚು ಹಿಡಿದು ನೋಡಿದ್ದಳು. ಮುಂದಿನ ಪುಟಗಳಲ್ಲಿ ಎಡ, ಬಲ, ಎಡ, ಬಲ ಎಂದು ಮಾತ್ರ ಇದೆ, ಬೆನ್ನು ಎಂಬುದು ಹಲವು ದಿನ ಇಲ್ಲ. ಆಮೇಲೊಂದು ಕಡೆ "ಕೆಂಪು ಹೋಯಿತು" ಎಂದು ನನ್ನ ಅಕ್ಷರದಲ್ಲಿದೆ. ನಮ್ಮವರ ಮೈಮೇಲೆ ಒಂದೇ ಒಂದು ಹುಣ್ಣು ಆಗಲಿಲ್ಲ. ಪತ್ರದಲ್ಲಿ ಆ ಸಾಲನ್ನು ಇದ್ದ ಹಾಗೆಯೇ, ದಿನಾಂಕ ಸಹಿತ ನಕಲು ಮಾಡಿ ಬರೆದೆ. ಅವಳ ಮಾತನ್ನೇ ಅವಳಿಗೆ ತೋರಿಸುವುದಕ್ಕಿಂತ ಹೆಚ್ಚಿನ ಹೊಗಳಿಕೆ ಬೇಕೆನಿಸಲಿಲ್ಲ.

ಅದೇ ವಾರದಲ್ಲಿ ನಮ್ಮ ಮನೆಗೆ ಗಾಳಿ ತುಂಬುವ ಹಾಸಿಗೆ ಬಂದಿತ್ತು, ಅದರ ಅಂಕಣಗಳು ಸರದಿಯಂತೆ ಉಬ್ಬಿ ಇಳಿದು ಮೈಯ ಭಾರವನ್ನು ಅತ್ತಿತ್ತ ಮಾಡುತ್ತವೆ. ಅದನ್ನು ತರಿಸಿದವರು ಯಾರೆಂಬುದಕ್ಕೆ ನನ್ನಲ್ಲಿ ದಾಖಲೆ ಇರಲಿಲ್ಲ, ರಸೀದಿಯೂ ಸಿಗಲಿಲ್ಲ. ಮನೆಯಲ್ಲಿ ಎಲ್ಲರೂ ಅವಳೇ ಇರಬೇಕು ಎಂದರು. ಆದರೂ "ಗಾಳಿ ಹಾಸಿಗೆ ನೀನೇ ತರಿಸಿದೆಯಾ? ಅಲ್ಲವಾದರೆ ಯಾರೆಂದು ತಿಳಿಸು" ಎಂದು ಪ್ರಶ್ನೆಯಾಗಿಯೇ ಬರೆದು, ಕೆಳಗೆ ಎರಡು ಸಾಲಿನಷ್ಟು ಜಾಗ ಬಿಟ್ಟೆ.

ಇಷ್ಟಾದ ಮೇಲೆ ಪತ್ರವನ್ನು ನಮ್ಮವರಿಗೆ ಓದಿ ಹೇಳಿದೆ. ಇದರಲ್ಲಿ ಬರುವುದು ಅವರ ಮೈಯ, ಅವರ ಅಸಹಾಯಕತೆಯ ಸಂಗತಿ, ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಮನೆಗೆ ಹೋಗಬಾರದು. ಶೌಚ, ಸ್ನಾನ, ಬಟ್ಟೆ ಬದಲಿಸುವ ವಿಷಯಗಳಲ್ಲಿ ಅವಳು ನನಗೆ ಮಾಡಿದ ಸಹಾಯವೇ ಬಹುಶಃ ಎಲ್ಲಕ್ಕಿಂತ ಹೆಚ್ಚಿನದು, ಅದನ್ನು ಬರೆಯುವುದು ಬೇಡವೆಂದು ಅವರು ಕೈ ಸನ್ನೆ ಮಾಡಿದರು, ನಾನು ಬರೆಯಲಿಲ್ಲ. ಅವಳ ಹೆಗಲ ಮೇಲೆ ತಲೆಯಿಟ್ಟು ನಾನು ಆಡಬಾರದ ಮಾತು ಆಡಿದ ಒಂದು ರಾತ್ರಿಯ ಬಗ್ಗೆಯೂ, ಅವಳ ಮಕ್ಕಳು ಓದಬಹುದೆಂದು, "ಆ ರಾತ್ರಿ ನೀನು ಪೂರ್ತಿ ಕೇಳಿದೆ, ಯಾರಿಗೂ ಹೇಳಲಿಲ್ಲ" ಎಂಬುದಕ್ಕಿಂತ ಹೆಚ್ಚಿಗೆ ಬರೆಯಲಿಲ್ಲ. ಅವಳಿಗೆ ಯಾವ ರಾತ್ರಿಯೆಂದು ತಿಳಿಯುತ್ತದೆ, ಅಷ್ಟು ಸಾಕು.

ಓದಿ ಮುಗಿಸಿದಾಗ ನಮ್ಮವರಿಗೆ ಏನೋ ಕಡಿಮೆಯಾಗಿದೆ ಎನಿಸಿದಂತಿತ್ತು. ಪಾರ್ಶ್ವವಾಯುವಿನಿಂದ ಅವರ ಮಾತಿಗೆ ಪೆಟ್ಟು ಬಿದ್ದಿದೆ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳಬೇಕಾದ ಶಬ್ದ ಮಾತ್ರ ಬೇಕೆಂದಾಗ ಬಾಯಿಗೆ ಬರುವುದಿಲ್ಲ. ಬಹಳ ಪ್ರಯತ್ನಪಟ್ಟು "ಕಾದ್ಲು" ಎಂದರು. ಆಸ್ಪತ್ರೆಯಲ್ಲಿ ಕಾದದ್ದೇ ಎಂದು ಕೇಳಿದೆ, ಇಲ್ಲವೆಂದು ತಲೆಯಾಡಿಸಿದರು. ರಾತ್ರಿ ಹಾಸಿಗೆಯ ಬಳಿ ಕಾದದ್ದೇ? ಅದೂ ಅಲ್ಲ. ಎಡಗೈಯಿಂದ ತಮ್ಮ ಬಾಯಿಯನ್ನು ತೋರಿಸಿದರು. "ನೀವು ಮಾತು ಮುಗಿಸೂತನ ಕಾದ್ಲೇನು?" ಎಂದಾಗ ಹೌದೆಂದು ಗಟ್ಟಿಯಾಗಿ ತಲೆ ಹಾಕಿದರು.

ಇದು ನನ್ನ ಯಾವ ದಾಖಲೆಯಲ್ಲಿಯೂ ಇರಲಿಲ್ಲ, ಇರುವಂಥದ್ದೂ ಅಲ್ಲ. ಆಮೇಲೆ ಯೋಚಿಸಿ ನೋಡಿದಾಗ ಅದು ನಿಜವೆಂದು ಕಂಡಿತು. ಮನೆಯಲ್ಲಿ ನಾವೆಲ್ಲ ಅವರ ಕಷ್ಟ ನೋಡಲಾರದೆ, ಅವರು ಹೇಳಹೊರಟ ವಾಕ್ಯವನ್ನು ನಾವೇ ಮುಗಿಸಿಬಿಡುತ್ತಿದ್ದೆವು. ಬಂದವರು ಅವರ ಎದುರಿನಲ್ಲಿಯೇ ನನ್ನ ಕಡೆ ತಿರುಗಿ "ಊಟ ಮಾಡತಾರೇನ್ರಿ, ನಿದ್ದಿ ಬರತದೇನ್ರಿ" ಎಂದು ಕೇಳುತ್ತಿದ್ದರು. ಗೆಳತಿ ಹಾಗೆ ಮಾಡುತ್ತಿರಲಿಲ್ಲ. ಅವರ ಎದುರು ಕುರ್ಚಿ ಎಳೆದುಕೊಂಡು ಕುಳಿತು, ಟಿವಿ ಬಂದ್ ಮಾಡಿ, ಒಂದು ಸಲಕ್ಕೆ ಒಂದೇ ಪ್ರಶ್ನೆಯನ್ನು, ಹೌದು ಅಥವಾ ಇಲ್ಲ ಎನ್ನಬಹುದಾದಂತೆ ಕೇಳಿ, ಉತ್ತರ ಬರುವವರೆಗೆ ಮುಖದಲ್ಲಿ ಆತುರ ತೋರದೆ ಕುಳಿತಿರುತ್ತಿದ್ದಳು. ಇಂಥ ರೋಗಿಗಳೊಡನೆ ಹೀಗೆಯೇ ಮಾತಾಡಬೇಕೆಂದು ಮಾತಿನ ಚಿಕಿತ್ಸಕರು ನಮಗೆ ನಂತರ ಕಲಿಸಿದರು. ಅವರ ಸಂಗತಿಯನ್ನು ಅವರ ಹೆಸರಿನಲ್ಲಿಯೇ ಪತ್ರದ ಕೊನೆಗೆ ಸೇರಿಸಿ, ಎಡಗೈಯಿಂದ ಅವರ ಸಹಿ ಹಾಕಿಸಿದೆ. ಉಪಕಾರ ಪಡೆದವರು ಇಬ್ಬರಿದ್ದಾಗ ಒಬ್ಬರೇ ಇಬ್ಬರ ಪರವಾಗಿ ಬರೆಯುವುದು ಸಾಲದೆಂದು ನನಗೆ ಮನದಟ್ಟಾದದ್ದು ಇಲ್ಲಿ.

ಪತ್ರ ಸಿದ್ಧವಾದ ಮೇಲೂ ಕೊಡಲು ಸಂಕೋಚವಾಯಿತು. ಇಷ್ಟು ಹತ್ತಿರದವಳಿಗೆ ಇಷ್ಟು ಉದ್ದದ ಪತ್ರ ಕೊಟ್ಟರೆ ಮುಜುಗರಪಡುತ್ತಾಳೇನೋ, ನನ್ನ ಭಾಷೆ ಬ್ಯಾಂಕಿನ ವರದಿಯಂತಿದೆಯೇನೋ ಎಂಬ ಚಿಂತೆ. ಅದಕ್ಕೂ ಮಗಳ ಬಳಿ ಉತ್ತರವಿತ್ತು. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೃತಜ್ಞತಾ ಪತ್ರ ಬರೆದವರು ಓದುವವರಿಗೆ ಆಗುವ ಮುಜುಗರವನ್ನು ಇದ್ದುದಕ್ಕಿಂತ ಹೆಚ್ಚೆಂದೂ, ಆಗುವ ಸಂತೋಷವನ್ನು ಇದ್ದುದಕ್ಕಿಂತ ಕಡಿಮೆಯೆಂದೂ ಅಂದಾಜು ಮಾಡಿದ್ದು ಕಂಡುಬಂದಿದೆ. ಬರೆಯುವವರು ತಮ್ಮ ಶಬ್ದಗಳು ಸರಿಯಾಗಿವೆಯೋ ಎಂದು ಚಿಂತಿಸುತ್ತಾರೆ, ಓದುವವರು ಹೆಚ್ಚಾಗಿ ನೋಡುವುದು ಅದರಲ್ಲಿನ ಅಕ್ಕರೆಯನ್ನು. ಅದನ್ನು ನಂಬಿ ನಾನು ಭಾಷೆಯನ್ನು ಮತ್ತೆ ತಿದ್ದುವುದನ್ನು ನಿಲ್ಲಿಸಿದೆ.

ಅಂಚೆಗೆ ಹಾಕದೆ, ಹುಬ್ಬಳ್ಳಿಯ ವಿದ್ಯಾನಗರದ ಅವಳ ಮನೆಗೆ ನಾನೇ ಹೋಗಿ ಕೊಟ್ಟೆ. ಮನೆಯಲ್ಲಿ ಅವಳೊಬ್ಬಳೇ ಇರುವ ಮಧ್ಯಾಹ್ನ ನೋಡಿಕೊಂಡು ಹೋಗಿದ್ದೆ, ಏಕೆಂದರೆ ನಾಲ್ಕು ಜನರ ಎದುರು ಓದಬೇಕಾಗಿ ಬಂದರೆ ಅವಳು ಮತ್ತೆ "ನಾ ಏನ ಮಾಡೀನಿ" ಎನ್ನಲೇಬೇಕಾಗುತ್ತಿತ್ತು. ಕನ್ನಡಕ ಹಾಕಿಕೊಂಡು ಅವಳು ನಿಧಾನವಾಗಿ ಓದಿದಳು. ಆ ಮಾತು ಈ ಸಲ ಬರಲಿಲ್ಲ. ರಾತ್ರಿ ಎರಡು ಗಂಟೆಯ ಸಾಲಿನ ಬಳಿ ನಿಂತು "ಇದು ನನಗ ನೆನಪ ಇರಲಿಲ್ಲ ನೋಡ" ಎಂದಳು. ನಮ್ಮವರ ಸಹಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೊದಲ ಪುಟಕ್ಕೆ ಮರಳಿ ಬಂದು, ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದಳು.

"ಆ ಪ್ರಶ್ನೆ ನನ್ನದಲ್ಲ. ನಮ್ಮಪ್ಪಗ ಹಿಂಗ ಆದಾಗ ಡಾಕ್ಟರು ಕೇಳಿದ್ರು, ಕಡೇಕ ಯಾವಾಗ ಛಲೋ ಇದ್ದ್ರು ಅಂತ. ನಮ್ಮ ಮನ್ಯಾಗ ಯಾರಿಗೂ ಹೇಳಲಿಕ್ಕೆ ಬರಲಿಲ್ಲ. ಆ ಮದ್ದು ಕೊಡಲಿಲ್ಲ ಅವರು. ಅವತ್ತಿನಿಂದ ಅದು ತಲ್ಯಾಗ ಕುಂತದ."

ಅವಳ ತಂದೆ ಪಾರ್ಶ್ವವಾಯುವಿನಿಂದ ತೀರಿಕೊಂಡದ್ದು ನನಗೆ ಗೊತ್ತಿತ್ತು, ಈ ಹೊತ್ತಿನ ಸಂಗತಿ ಗೊತ್ತಿರಲಿಲ್ಲ. ನಾನು ಬರೀ "ಉಪಕಾರ" ಎಂದು ಹೇಳುತ್ತ ಹೋಗಿದ್ದರೆ ಅವಳು ಇದನ್ನು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಅವಳ ಪ್ರಶ್ನೆಯನ್ನು ಹೆಸರಿಸಿದ್ದರಿಂದ, ಆ ಪ್ರಶ್ನೆ ಎಲ್ಲಿಂದ ಬಂತೆಂದು ಅವಳು ಹೇಳಿದಳು. ಸಂಜೆಯವರೆಗೆ ನಾವು ಅವಳ ತಂದೆಯ ಬಗ್ಗೆಯೇ ಮಾತಾಡಿದೆವು.

ಹೊರಡುವಾಗ ಅವಳು ಪೆನ್ನು ತೆಗೆದುಕೊಂಡು, ಗಾಳಿ ಹಾಸಿಗೆಯ ಪ್ರಶ್ನೆಯ ಕೆಳಗೆ ನಾನು ಬಿಟ್ಟಿದ್ದ ಜಾಗದಲ್ಲಿ ಉತ್ತರ ಬರೆದು ತೋರಿಸಿದಳು. ತಾನು ತರಿಸಲಿಲ್ಲ, ಬೆಳಿಗ್ಗೆ ನಮ್ಮ ಓಣಿಯ ಔಷಧ ಅಂಗಡಿಗೆ ಹೋಗಿ ಕೆಂಪು ಕಲೆಯ ವಿಷಯ ಹೇಳಿ ಮುಲಾಮು ಕೇಳಿದ್ದು ಮಾತ್ರ ತಾನು, ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ ಮುಲಾಮಿನಿಂದ ಆಗುವುದಿಲ್ಲವೆಂದು ಹೇಳಿ, ತನ್ನ ಅಜ್ಜಿಗೆ ತಂದಿದ್ದ ಹಾಸಿಗೆಯನ್ನು ಅದೇ ಮಧ್ಯಾಹ್ನ ಸೈಕಲ್ ಮೋಟರಿನ ಮೇಲೆ ತಂದು, ಪಂಪು ಜೋಡಿಸಿ, ದುಡ್ಡು ತೆಗೆದುಕೊಳ್ಳದೆ ಹೋದನೆಂದು ಬರೆದಿದ್ದಳು. ಆ ಹುಡುಗನ ಅಂಗಡಿಯಿಂದ ನಾನು ವರ್ಷವಿಡೀ ಗುಳಿಗೆ ತಂದಿದ್ದೇನೆ, ಅವನು ಒಮ್ಮೆಯೂ ಈ ಮಾತು ಎತ್ತಿಲ್ಲ. ಹಾಸಿಗೆ ಇನ್ನೂ ನಮ್ಮ ಅಟ್ಟದ ಮೇಲಿದೆ. ಅದನ್ನು ಒರೆಸಿ, ಪಂಪು ನಡೆಯುತ್ತದೆಯೋ ಎಂದು ನೋಡಿ, ಮರಳಿ ಕೊಡುವಾಗ ಜೊತೆಗೆ ಕೊಡಲು ಅವನಿಗೊಂದು ಪತ್ರ ಬರೆಯುತ್ತಿದ್ದೇನೆ. ಅದರ ಮೊದಲ ವಾಕ್ಯದಲ್ಲಿ ಆ ಶನಿವಾರದ ದಿನಾಂಕವಿದೆ.